ಒಂದು ರಕಅತ್ ಕಲಿತರೆ ಐದು ಹೊತ್ತಿನ ನಮಾಝ್

ಮಸೀದಿಗೆ ಬಂದವನೊಬ್ಬ ಅವಸರವಸರವಾಗಿ ನಮಾಝ್ ಮುಗಿಸಿ, ಅಲ್ಲೇ ಕುಳಿತಿದ್ದ ಪ್ರವಾದಿ ಮುಹಮ್ಮದರಿಗೆ ಸಲಾಂ ಹೇಳಿದ. ಸಲಾಂಗೆ ಉತ್ತರಿಸಿದ ಪ್ರವಾದಿಯವರು, ನಿನ್ನದು ನಮಾಝ್ ಆಗಲಿಲ್ಲ, ಹೋಗಿ ಮತ್ತೆ ಮಾಡು ಎಂದರು. ಮೂರು ಸಲ ಹೀಗೇ ಆಯಿತು. ಇದಕ್ಕಿಂತ ಚೆನ್ನಾಗಿ ನನಗೆ ಬಾರದು, ಕಲಿಸಿಕೊಡಿ ಎಂದು ಅವನೇ ಕೇಳಿಕೊಂಡ. ಆಗ ಅವರು ನಿಲ್ಲುವುದು, ಬಾಗುವುದು, ಮತ್ತೆ ನೆಟ್ಟಗಾಗುವುದು, ಸಾಷ್ಟಾಂಗ ಮಾಡುವುದು, ಕೂರುವುದು ಎಲ್ಲವನ್ನೂ ಕ್ರಮವಾಗಿ ಹೇಳಿ, ಒಂದೊಂದರಲ್ಲೂ ಮೈ ನೆಲೆನಿಂತ ಮೇಲೆಯೇ ಮುಂದಿನದಕ್ಕೆ ಹೋಗಬೇಕು ಎಂದರು. ಬುಖಾರಿ ಮತ್ತು ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಈ ಪ್ರಸಂಗವಿದೆ. ನಮಾಝ್ ಕಲಿಯಹೊರಟವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠವಿಲ್ಲ.

ನಮಾಝಿನ ಒಂದು ಪೂರ್ಣ ಸುತ್ತಿಗೆ ರಕಅತ್ ಎನ್ನುತ್ತಾರೆ. ಇದೊಂದನ್ನು ಸರಿಯಾಗಿ ಕಲಿತರೆ ಐದು ಹೊತ್ತಿನ ನಮಾಝೂ ಬಂದಂತೆಯೇ. ಉಳಿಯುವುದು ಲೆಕ್ಕ ಮಾತ್ರ.

ವುಝೂ ಮಾಡಿ ಕಿಬ್ಲಾದ ಕಡೆಗೆ ಮುಖ ಮಾಡಿ ನಿಲ್ಲಬೇಕು. ಕರ್ನಾಟಕದಲ್ಲಿರುವವರಿಗೆ ಅದು ಪಶ್ಚಿಮ, ತುಸು ಉತ್ತರಕ್ಕೆ ವಾಲಿದ ದಿಕ್ಕು. ಯಾವ ಹೊತ್ತಿನ ನಮಾಝ್ ಎಂದು ಮನಸ್ಸಿನಲ್ಲಿ ನಿಯ್ಯತ್ ಮಾಡಿ, ಎರಡೂ ಕೈ ಮೇಲೆತ್ತಿ ‘ಅಲ್ಲಾಹು ಅಕ್ಬರ್’ ಎಂದರೆ ನಮಾಝ್ ಶುರುವಾಯಿತು. ಅಲ್ಲಿಂದ ಸಲಾಂವರೆಗೆ ಬೇರೆ ಮಾತಿಲ್ಲ. ಎಡಗೈ ಮೇಲೆ ಬಲಗೈ ಇಟ್ಟು, ಆರಂಭದ ಪ್ರಾರ್ಥನೆಯ ನಂತರ ಕುರ್‌ಆನಿನ ಮೊದಲ ಅಧ್ಯಾಯವಾದ ಫಾತಿಹಾದ ಏಳು ವಾಕ್ಯಗಳನ್ನು ಓದಿ ‘ಆಮೀನ್’ ಹೇಳಬೇಕು. ಆಮೇಲೆ ಇನ್ನೊಂದು ಸೂರಾ ಅಥವಾ ಕೆಲವು ವಾಕ್ಯಗಳು. ಹೊಸಬರು ಸಾಮಾನ್ಯವಾಗಿ ನಾಲ್ಕೇ ವಾಕ್ಯಗಳಿರುವ ಇಖ್ಲಾಸ್ ಸೂರಾವನ್ನು ಓದುತ್ತಾರೆ.

ಮತ್ತೆ ತಕ್ಬೀರ್ ಹೇಳಿ ರುಕೂಗೆ ಬಾಗುವುದು. ಅಂಗೈಗಳು ಮೊಣಕಾಲು ಹಿಡಿದಿರಬೇಕು, ಬೆನ್ನು ಮಟ್ಟಸವಾಗಿರಬೇಕು. ಇಲ್ಲಿ ‘ಸುಬ್‌ಹಾನ ರಬ್ಬಿಯಲ್ ಅಝೀಮ್’ ಎಂದು ಮೂರು ಸಲ ಹೇಳಿ, ‘ಸಮಿಅಲ್ಲಾಹು ಲಿಮನ್ ಹಮಿದಃ’ ಎನ್ನುತ್ತಾ ಎದ್ದು ‘ರಬ್ಬನಾ ಲಕಲ್ ಹಮ್ದ್’ ಎನ್ನಬೇಕು. ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ತಕ್ಬೀರ್ ಹೇಳುತ್ತೇವೆ. ರುಕೂಯಿಂದ ಏಳುವಾಗ ಮಾತ್ರ ಅದರ ಬದಲು ಈ ಮಾತು. ಅವಸರದವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಅರ್ಧ ಎದ್ದು, ಬೆನ್ನು ನೆಟ್ಟಗಾಗುವ ಮೊದಲೇ ನೆಲಕ್ಕಿಳಿದುಬಿಡುತ್ತಾರೆ. ‘ರಬ್ಬನಾ ಲಕಲ್ ಹಮ್ದ್’ ಎಂಬುದನ್ನು ನಿಂತೇ ಪೂರ್ತಿ ಹೇಳಿ ಮುಗಿಸಿದ್ದೀರಾ, ಇಳಿಯುತ್ತಾ ಹೇಳಿದಿರಾ ಎಂದು ಗಮನಿಸಿಕೊಂಡರೆ ತಪ್ಪು ತಾನೇ ಗೊತ್ತಾಗುತ್ತದೆ.

ನಂತರ ಸಜ್ದಾ. ಮೊದಲು ಮೊಣಕಾಲು, ಆಮೇಲೆ ಕೈ, ಕೊನೆಗೆ ಮುಖ. ಮೂಗಿನೊಂದಿಗೆ ಹಣೆ, ಎರಡು ಅಂಗೈ, ಎರಡು ಮೊಣಕಾಲು, ಎರಡು ಪಾದಗಳ ಬೆರಳುಗಳು ಹೀಗೆ ಏಳು ಅಂಗಗಳು ನೆಲಕ್ಕೆ ತಾಗಬೇಕು. ಹಣೆ ತಾಗಿ ಮೂಗು ಮೇಲುಳಿಯುವುದು, ಕಾಲ್ಬೆರಳು ನೆಲ ಬಿಟ್ಟು ಗಾಳಿಯಲ್ಲಿರುವುದು ಹೊಸಬರಲ್ಲಿ ಕಾಣುವ ತಪ್ಪುಗಳು. ಗಂಡಸರ ಮೊಣಕೈ ನೆಲಕ್ಕೆ ಒರಗಿರಬಾರದು. ‘ಸುಬ್‌ಹಾನ ರಬ್ಬಿಯಲ್ ಅಅ್‌ಲಾ’ ಎಂದು ಮೂರು ಸಲ ಹೇಳಿ, ಎದ್ದು ಕುಳಿತು, ಮೈ ನೆಲೆಯಾದ ಮೇಲೆ ಎರಡನೇ ಸಜ್ದಾ. ಒಂದು ರಕಅತ್‌ನಲ್ಲಿ ರುಕೂ ಒಂದೇ, ಸಜ್ದಾ ಎರಡು. ಅಲ್ಲಿಗೆ ಒಂದು ರಕಅತ್ ಮುಗಿಯಿತು.

ಈಗ ಲೆಕ್ಕ ನೋಡೋಣ. ಕಡ್ಡಾಯವಾದ ಫರ್ಝ್ ನಮಾಝ್ ಬೆಳಗಿನ ಫಜ್ರ್‌ಗೆ 2, ಮಧ್ಯಾಹ್ನದ ಝುಹರ್‌ಗೆ 4, ಸಂಜೆಯ ಅಸರ್‌ಗೆ 4, ಸೂರ್ಯ ಮುಳುಗಿದ ಮೇಲಿನ ಮಗ್ರಿಬ್‌ಗೆ 3, ರಾತ್ರಿಯ ಇಶಾಗೆ 4 ರಕಅತ್. ದಿನಕ್ಕೆ ಒಟ್ಟು 17. ಪ್ರತಿ ಎರಡು ರಕಅತ್ ಆದ ಮೇಲೆ ಕುಳಿತು ಅತ್ತಹಿಯ್ಯಾತ್ ಓದಬೇಕು. ಇನ್ನೂ ರಕಅತ್ ಬಾಕಿಯಿದ್ದರೆ ಎದ್ದು ಮುಂದುವರಿಯುವುದು. ಕೊನೆಯ ರಕಅತ್ ಆಗಿದ್ದರೆ ಅತ್ತಹಿಯ್ಯಾತ್‌ಗೆ ದರೂದ್ ಮತ್ತು ದುಆ ಸೇರಿಸಿ, ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ಮುಖ ತಿರುಗಿಸಿ ಸಲಾಂ ಹೇಳಿ ಮುಗಿಸುವುದು. ಮೂರನೇ ಮತ್ತು ನಾಲ್ಕನೇ ರಕಅತ್‌ನಲ್ಲಿ ಫಾತಿಹಾ ಸಾಕು, ಬೇರೆ ಸೂರಾ ಬೇಡ.

ಫಜ್ರ್‌ನಲ್ಲೂ ಮಗ್ರಿಬ್, ಇಶಾಗಳ ಮೊದಲೆರಡು ರಕಅತ್‌ಗಳಲ್ಲೂ ಇಮಾಮರು ಕೇಳುವಂತೆ ಓದುತ್ತಾರೆ. ಝುಹರ್, ಅಸರ್‌ಗಳಲ್ಲಿ ಮೌನವಾಗಿ. ಮೌನ ಎಂದರೆ ಬಾಯಿ ಮುಚ್ಚಿ ಮನಸ್ಸಿನಲ್ಲೇ ನೆನೆಯುವುದಲ್ಲ. ತುಟಿ, ನಾಲಿಗೆ ಆಡಬೇಕು. ಕಲಿಯುವವರಿಗೆ ಇದನ್ನು ಹೇಳಿಕೊಡುವುದು ಎಷ್ಟೋ ಸಲ ಬಿಟ್ಟುಹೋಗಿರುತ್ತದೆ.

ಬೆಂಗಳೂರು, ಮೈಸೂರು, ಕಲಬುರಗಿ ಕಡೆಯ ಹೆಚ್ಚಿನ ಮಸೀದಿಗಳು ಹನಫಿ ಪದ್ಧತಿಯವು. ಭಟ್ಕಳದ ನವಾಯತರು, ಮಂಗಳೂರು ಕಡೆಯ ಬ್ಯಾರಿಗಳು ಹೆಚ್ಚಾಗಿ ಶಾಫಿಈ ಪದ್ಧತಿಯವರು. ಶಾಫಿಈಗಳು ರುಕೂಗೆ ಹೋಗುವಾಗಲೂ ಏಳುವಾಗಲೂ ಕೈ ಎತ್ತುತ್ತಾರೆ, ಎದೆಗೂ ಹೊಕ್ಕುಳಿಗೂ ನಡುವೆ ಕೈ ಕಟ್ಟುತ್ತಾರೆ, ಇಮಾಮರ ಹಿಂದೆಯೂ ಫಾತಿಹಾ ಓದುತ್ತಾರೆ. ಹನಫಿ ಗಂಡಸರು ಹೊಕ್ಕುಳ ಕೆಳಗೆ ಕೈ ಕಟ್ಟುತ್ತಾರೆ, ಇಮಾಮರ ಹಿಂದೆ ಓದದೆ ಸುಮ್ಮನೆ ನಿಲ್ಲುತ್ತಾರೆ. ಪಕ್ಕದವರು ಬೇರೆ ರೀತಿ ಮಾಡಿದರೆಂದು ಗಾಬರಿಯಾಗಬೇಕಿಲ್ಲ. ನಿಲ್ಲುವ, ಬಾಗುವ, ಸಜ್ದಾ ಮಾಡುವ ಕ್ರಮ ಇಬ್ಬರದೂ ಒಂದೇ.

ಮರೆವಿಗೂ ದಾರಿಯಿದೆ. ಝುಹರ್‌ನಲ್ಲಿ ಎರಡು ರಕಅತ್ ಆದ ಮೇಲೆ ಕೂರುವುದನ್ನು ಮರೆತು ಪೂರ್ತಿ ಎದ್ದು ನಿಂತಿರಿ ಎನ್ನಿ. ಮತ್ತೆ ಕೂರಲು ಹೋಗಬಾರದು. ಮುಂದುವರಿದು ಕೊನೆಯಲ್ಲಿ ಮರೆವಿನ ಎರಡು ಸಜ್ದಾ ಮಾಡಬೇಕು. ಇದಕ್ಕೆ ಸಜ್ದಾ ಸಹ್ವ್ ಎಂದು ಹೆಸರು. ಹನಫಿಗಳು ಕೊನೆಯ ಅತ್ತಹಿಯ್ಯಾತ್ ಆದ ಮೇಲೆ ಬಲಕ್ಕೊಂದು ಸಲಾಂ ಹೇಳಿ ಇದನ್ನು ಮಾಡಿ, ಮತ್ತೆ ಅತ್ತಹಿಯ್ಯಾತ್ ಓದಿ ಮುಗಿಸುತ್ತಾರೆ. ಶಾಫಿಈಗಳು ಸಲಾಂಗೆ ಮೊದಲೇ ಮಾಡುತ್ತಾರೆ.

ತಡವಾಗಿ ಬಂದವರದು ಇನ್ನೊಂದು ಗೊಂದಲ. ಮಗ್ರಿಬ್‌ಗೆ ಹೋದಾಗ ಇಮಾಮರು ಮೂರನೇ ರಕಅತ್‌ನ ರುಕೂನಲ್ಲಿದ್ದಾರೆ. ನೀವು ನಿಂತೇ ತಕ್ಬೀರ್ ಹೇಳಿ, ಅವರು ತಲೆ ಎತ್ತುವ ಮೊದಲು ರುಕೂ ಸೇರಿದರೆ ಆ ರಕಅತ್ ನಿಮಗೆ ಸಿಕ್ಕಿತು. ಇಮಾಮರ ಜೊತೆ ಕೊನೆಯಲ್ಲಿ ಕೂರಬೇಕು, ಆದರೆ ಅವರ ಸಲಾಂಗೆ ನೀವು ಸಲಾಂ ಹೇಳಬಾರದು. ಅವರು ಎರಡೂ ಕಡೆ ಸಲಾಂ ಮುಗಿಸಿದ ಮೇಲೆ ಎದ್ದು, ಫಾತಿಹಾ ಮತ್ತು ಒಂದು ಸೂರಾ ಓದಿ ಒಂದು ರಕಅತ್ ಮಾಡಿ ಕೂರಿ. ಏಕೆಂದರೆ ನಿಮಗೀಗ ಎರಡು ರಕಅತ್ ಆಗಿವೆ. ಅತ್ತಹಿಯ್ಯಾತ್ ಓದಿ ಎದ್ದು ಉಳಿದ ಒಂದನ್ನು ಮಾಡಿ, ಕೂತು ಸಲಾಂ ಹೇಳಿ. ಈ ಕೊನೆಯದರಲ್ಲೂ ಹನಫಿಗಳು ಫಾತಿಹಾದ ಜೊತೆ ಸೂರಾ ಓದುತ್ತಾರೆ. ಮೂರು ರಕಅತ್‌ಗೆ ಮೂರು ಸಲ ಕುಳಿತಂತಾಯಿತು. ಅದು ತಪ್ಪಲ್ಲ, ಲೆಕ್ಕವೇ ಹಾಗೆ. ರುಕೂ ತಪ್ಪಿಹೋಗಬಾರದೆಂದು ಓಡುತ್ತಾ ಬಂದು ಬಾಗಿಕೊಂಡೇ ಮೊದಲ ತಕ್ಬೀರ್ ಹೇಳಿದರೆ ಮಾತ್ರ ನಮಾಝ್ ಶುರುವೇ ಆಗುವುದಿಲ್ಲ.

ಕಲಿಯುವವರಿಗೆ ಒಂದು ಮಾತು. ಫಾತಿಹಾವನ್ನು ಕನ್ನಡದಲ್ಲಿ ಅಚ್ಚಾದ ಪುಸ್ತಕ ನೋಡಿ ಬಾಯಿಪಾಠ ಮಾಡಿ ಬಿಟ್ಟುಬಿಡಬೇಡಿ. ‘ಅಲ್‌ಹಮ್ದು’ವಿನ ಹಕಾರವೂ ‘ಇಹ್ದಿನಾ’ದ ಹಕಾರವೂ ಅರಬಿಯಲ್ಲಿ ಬೇರೆ ಬೇರೆ ಅಕ್ಷರ; ಕನ್ನಡದಲ್ಲಿ ಎರಡಕ್ಕೂ ಒಂದೇ ‘ಹ’. ಬಲ್ಲವರ ಮುಂದೆ ಕುಳಿತು ಒಮ್ಮೆ ಓದಿ ತಿದ್ದಿಸಿಕೊಳ್ಳಿ, ಆಮೇಲೆ ಅವರೆದುರೇ ಎರಡು ರಕಅತ್ ಮಾಡಿ ತೋರಿಸಿ.