ಗ್ರಂಥಸೂಚಿಗೆ ನಾಲ್ಕು ಸಾಲಿನ ಟಿಪ್ಪಣಿ

ಟಿಪ್ಪಣಿಸಹಿತ ಗ್ರಂಥಸೂಚಿ ಎಂದರೆ ಪುಸ್ತಕದ ವಿವರದ ಕೆಳಗೆ ಅದರ ಸಾರ, ಅದರ ತೂಕ, ನಿಮ್ಮ ಪ್ರಶ್ನೆಗೆ ಅದರ ಉಪಯೋಗ ಬರೆಯುವುದು. ಸಾರವನ್ನು ಎಲ್ಲರೂ ಬರೆಯುತ್ತಾರೆ, ಎಡವುವುದು ಉಳಿದೆರಡರಲ್ಲಿ.

‘1940ರ ದಶಕದಲ್ಲಿ ಹಳೇ ಮೈಸೂರಿನ ಹಳ್ಳಿಯ ಜಗಳಗಳನ್ನು ಯಾರು ತೀರ್ಮಾನಿಸುತ್ತಿದ್ದರು?’ ಎಂಬುದು ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ ಎನ್ನೋಣ. ಆಕರ, ಎಂ.ಎನ್. ಶ್ರೀನಿವಾಸ್ ಅವರ ‘ದಿ ರಿಮೆಂಬರ್ಡ್ ವಿಲೇಜ್’ (1976). ‘ಇದು ರಾಂಪುರದ ಜನಜೀವನವನ್ನು ಸೊಗಸಾಗಿ ಚಿತ್ರಿಸುವ ಮಹತ್ವದ ಕೃತಿ’ ಎಂದರೆ ಬೆನ್ನುಡಿಯಾಯಿತು, ಅಷ್ಟೇ. ಹೀಗೆ ಬರೆಯಬಹುದು:

‘1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನಡೆಸಿದ ಕ್ಷೇತ್ರಕಾರ್ಯದ ಕಥನ, ಕೃಷಿ, ಜಾತಿ, ಪಟೇಲರ ಅಧಿಕಾರ ಇದರ ವಸ್ತು. ಕ್ರೋಡೀಕರಿಸಿದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕಿದ್ದರಿಂದ ಬಹುಪಾಲು ನೆನಪಿನಿಂದ ಬರೆದದ್ದು. ಹಾಗಾಗಿ ಸಂಬಂಧಗಳ ಸ್ವರೂಪಕ್ಕೆ ನಂಬಬಹುದು, ಯಾರು ಯಾವಾಗ ಏನೆಂದರು ಎಂಬುದಕ್ಕೆ ಎಚ್ಚರ ಬೇಕು. ಲೇಖಕರು ಪಟೇಲರ ಆಶ್ರಯದಲ್ಲಿದ್ದ ಬ್ರಾಹ್ಮಣರು. ದಲಿತರ, ಹೆಂಗಸರ ನೋಟ ತೆಳುವಾಗಿದೆ. ನನ್ನ ಪ್ರಶ್ನೆಗೆ ಇದು ತೀರ್ಪು ಕೊಟ್ಟವರ ಕಡೆಯ ಸಾಕ್ಷ್ಯ; ತೀರ್ಪು ಪಡೆದವರ ಕಡೆಗೆ ನ್ಯಾಯಾಲಯದ ದಾಖಲೆ ಹುಡುಕಬೇಕು.’

ಬೆಂಕಿಯ ಸಂಗತಿ ಇಲ್ಲಿ ಸ್ವಾರಸ್ಯಕ್ಕಾಗಿ ಬಂದಿಲ್ಲ, ಯಾವ ಮಾತಿಗೆ ಎಷ್ಟು ಬೆಲೆ ಎಂದು ಅದು ತಿಳಿಸುತ್ತದೆ. ಕೊನೆಯ ವಾಕ್ಯವಂತೂ ಮುಂದಿನ ಆಕರದ ದಾರಿಯನ್ನೇ ತೋರುತ್ತದೆ.

ನಿಮ್ಮ ಟಿಪ್ಪಣಿಯ ಕೊನೆಯ ವಾಕ್ಯವನ್ನು ಬೇರೊಬ್ಬರ ಪ್ರಶ್ನೆಯ ಕೆಳಗೆ ಇಟ್ಟು ನೋಡಿ. ಅಲ್ಲಿಯೂ ಒಪ್ಪಿದರೆ ಅದನ್ನು ಹೊಡೆದುಹಾಕಿ ಮತ್ತೆ ಬರೆಯಿರಿ.