ಸಾಲ ಕೆಟ್ಟದ್ದು ಯಾವತ್ತು?

ಪಟ್ಟಣ ಸಹಕಾರ ಬ್ಯಾಂಕಿನ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರು ಮೊದಲು ಕೇಳುವುದು ಈ ಸಲ ಡಿವಿಡೆಂಡ್ ಎಷ್ಟು ಅಂತ. ಡಿವಿಡೆಂಡ್ ಬರುವುದು ಲಾಭದಿಂದ. ಆ ಲಾಭ ಎಷ್ಟೆಂದು ತೀರ್ಮಾನವಾಗುವುದು ಮಾತ್ರ ವಸೂಲಾಗದ ಸಾಲಗಳಿಗಾಗಿ ಬ್ಯಾಂಕು ಎಷ್ಟು ಹಣ ತೆಗೆದಿಟ್ಟಿದೆ ಎಂಬುದರ ಮೇಲೆ. ಹೀಗೆ ತೆಗೆದಿಡುವುದಕ್ಕೆ ಬ್ಯಾಂಕಿನವರು ‘ಪ್ರಾವಿಷನ್’ ಎನ್ನುತ್ತಾರೆ. ಅದು ಸರಿಯಾಗಿದೆಯೇ ಎಂದು ನೋಡಲು ಕುಳಿತ ಲೆಕ್ಕಪರಿಶೋಧಕರು ಹುಡುಕುವುದು ಒಂದೇ ಒಂದು ದಿನಾಂಕವನ್ನು: ಸಾಲ ನಿಜವಾಗಿ ಕೆಟ್ಟ ದಿನ.

ರಿಸರ್ವ್ ಬ್ಯಾಂಕಿನ ನಿಯಮ ಕೇಳಲು ಸರಳವಾಗಿದೆ. ಕಂತು ಅಥವಾ ಬಡ್ಡಿ 90 ದಿನ ಮೀರಿ ಬಾಕಿ ಉಳಿದರೆ ಆ ಸಾಲ ಎನ್‌ಪಿಎ, ಅಂದರೆ ಅನುತ್ಪಾದಕ ಸಾಲ. ಮೊದಲ 12 ತಿಂಗಳು ಅದು ‘ಸಬ್‌ಸ್ಟ್ಯಾಂಡರ್ಡ್’ ದರ್ಜೆಯಲ್ಲಿರುತ್ತದೆ; ಪಟ್ಟಣ ಸಹಕಾರ ಬ್ಯಾಂಕುಗಳು ಬಾಕಿಯ ಶೇ. 10ರಷ್ಟು ತೆಗೆದಿಟ್ಟರೆ ಸಾಕು. 12 ತಿಂಗಳು ಕಳೆದರೆ ಅದು ‘ಡೌಟ್‌ಫುಲ್’, ಅಂದರೆ ಸಂಶಯಾಸ್ಪದ ಸಾಲ. ಇಲ್ಲಿಂದ ಲೆಕ್ಕ ಬಿಗಿಯಾಗುತ್ತದೆ. ಅಡಮಾನದ ಬೆಲೆಗೆ ಮೀರಿದ ಬಾಕಿ ಎಷ್ಟಿದೆಯೋ ಅಷ್ಟನ್ನೂ ಪೂರ್ತಿ ತೆಗೆದಿಡಬೇಕು. ಅಡಮಾನದ ಆಸರೆಯಿರುವ ಭಾಗಕ್ಕೆ ಡೌಟ್‌ಫುಲ್ ಆದ ಮೊದಲ ವರ್ಷ ಶೇ. 20, ಮುಂದಿನ ಎರಡು ವರ್ಷ ಶೇ. 30, ಆಮೇಲೆ ಶೇ. 100.

ಅಂದಮೇಲೆ ಎನ್‌ಪಿಎ ದಿನಾಂಕವನ್ನು ಒಂದು ವರ್ಷ ಮುಂದಕ್ಕೆ ತಳ್ಳಿದರೆ ಪ್ರಾವಿಷನ್ ಹೊರೆ ಎಷ್ಟೋ ಪಾಲು ಕಡಿಮೆಯಾಗುತ್ತದೆ. ತಳ್ಳುವುದು ಹೇಗೆ? ಒಂದು ಕಾಲ್ಪನಿಕ ಉದಾಹರಣೆ ನೋಡೋಣ.

ಸಣ್ಣ ಊರಿನ ವ್ಯಾಪಾರಿಯೊಬ್ಬರು ಮನೆ ಅಡವಿಟ್ಟು ಸಾಲ ಪಡೆದಿದ್ದಾರೆ. ಮೂರು ತಿಂಗಳಿಗೊಂದು ಕಂತು. 2023ರ ಜೂನ್ 30ರ ಕಂತು ಕಟ್ಟಲಿಲ್ಲ. ಸೆಪ್ಟೆಂಬರ್ 28ಕ್ಕೆ ಅದು ಎನ್‌ಪಿಎ ಆಗಬೇಕು. ಆದರೆ ಸೆಪ್ಟೆಂಬರ್ 25ರಂದು ಅದೇ ವ್ಯಾಪಾರಿಗೆ, ಅದೇ ಮನೆಯ ಆಧಾರದ ಮೇಲೆ, ‘ವ್ಯಾಪಾರ ವಿಸ್ತರಣೆ’ಗೆಂದು 8 ಲಕ್ಷ ರೂಪಾಯಿ ಹೊಸ ಸಾಲ ಮಂಜೂರಾಯಿತು. ಹಣ ಅವರ ಉಳಿತಾಯ ಖಾತೆಗೆ ಬಂತು, ಅಲ್ಲಿಂದ ಮೂರನೇ ದಿನ ಹಳೆ ಸಾಲದ ಕಂತಿಗೆ ಹೋಯಿತು. ಮುಂದಿನ ಮೂರು ಕಂತುಗಳೂ ಅದರಲ್ಲೇ ತೀರಿದವು. ಹಣ ಮುಗಿದ ಮೇಲೆ, 2024ರ ಜೂನ್ ಕಂತು ಮತ್ತೆ ತಪ್ಪಿತು. ಬ್ಯಾಂಕಿನ ಪುಸ್ತಕದಲ್ಲಿ ಎನ್‌ಪಿಎ ದಿನಾಂಕ 2024ರ ಸೆಪ್ಟೆಂಬರ್ 28 ಎಂದಾಯಿತು. 2025ರ ಮಾರ್ಚ್ 31ಕ್ಕೆ ಎರಡೂ ಸಾಲ ಸೇರಿ ಬಾಕಿ 50 ಲಕ್ಷ. ಸಬ್‌ಸ್ಟ್ಯಾಂಡರ್ಡ್ ಲೆಕ್ಕದಲ್ಲಿ ಬ್ಯಾಂಕು ತೆಗೆದಿಟ್ಟದ್ದು 5 ಲಕ್ಷ.

ಈಗ ಸಾಲಗಳ ದರ್ಜೆಯನ್ನು ಕಂಪ್ಯೂಟರ್ ತಾನೇ ನಿರ್ಧರಿಸುವ ವ್ಯವಸ್ಥೆ ಅನೇಕ ಬ್ಯಾಂಕುಗಳಲ್ಲಿದೆ. ಆದರೆ ಅದು ನೋಡುವುದು ಕಂತು ಬಂತೇ ಇಲ್ಲವೇ ಎಂಬುದನ್ನು ಮಾತ್ರ. ಬಂದ ಹಣ ಯಾರದು ಎಂಬುದನ್ನಲ್ಲ. ಅದನ್ನು ಪತ್ತೆ ಮಾಡುವುದು ಲೆಕ್ಕಪರಿಶೋಧಕರ ಕೆಲಸ. ಅವರು ಪ್ರತಿ ತ್ರೈಮಾಸಿಕದ ಕೊನೆಯ ದಿನಗಳಲ್ಲಿ ಕೊಟ್ಟ ಹೊಸ ಸಾಲಗಳ ಪಟ್ಟಿ ತೆಗೆಸುತ್ತಾರೆ. ಅದೇ ದಿನಗಳಲ್ಲಿ ಹಳೆ ಬಾಕಿ ಕಟ್ಟಿದವರ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡುತ್ತಾರೆ. ಎರಡರಲ್ಲೂ ಅದೇ ಹೆಸರು, ಅದೇ ವಿಳಾಸ ಅಥವಾ ಅದೇ ಜಾಮೀನುದಾರ ಸಿಕ್ಕರೆ ಹಣದ ಜಾಡು ಹಿಡಿಯುತ್ತಾರೆ. ವ್ಯಾಪಾರ ವಿಸ್ತರಣೆಗೆ ಕೊಟ್ಟ ಹಣದಲ್ಲಿ ಸರಕು ಖರೀದಿಯ ಒಂದು ಬಿಲ್ಲೂ ಇಲ್ಲದೆ, ಅಷ್ಟೂ ಹಳೆ ಸಾಲಕ್ಕೇ ಹೋಗಿದ್ದರೆ ಬೇರೆ ಪುರಾವೆ ಹೆಚ್ಚು ಬೇಕಿಲ್ಲ. ಜಾಡು ಮರೆಸಲು ಹಣವನ್ನು ನಗದಾಗಿ ತೆಗೆದು ಮತ್ತೆ ನಗದಾಗಿ ಕಟ್ಟಿಸುವುದೂ ಉಂಟು. ಆಗ ಎರಡು ವೋಚರುಗಳ ದಿನಾಂಕ, ಮೊತ್ತ, ಕ್ರಮಸಂಖ್ಯೆ ಅಕ್ಕಪಕ್ಕದಲ್ಲಿ ಬಂದು ಗುಟ್ಟು ಬಿಟ್ಟುಕೊಡುತ್ತವೆ.

ನಮ್ಮ ಉದಾಹರಣೆಯಲ್ಲಿ ಜಾಡು ಸಿಕ್ಕಿದೆ. ಹಾಗಾಗಿ ಎನ್‌ಪಿಎ ದಿನಾಂಕ 2023ರ ಸೆಪ್ಟೆಂಬರ್ 28ಕ್ಕೆ ಹಿಂದೆ ಸರಿಯುತ್ತದೆ. ಅಲ್ಲಿಂದ ಹನ್ನೆರಡು ತಿಂಗಳು ಲೆಕ್ಕ ಹಾಕಿದರೆ 2024ರ ಸೆಪ್ಟೆಂಬರ್‌ನಲ್ಲೇ ಸಾಲ ಡೌಟ್‌ಫುಲ್ ಆಗಿತ್ತು. ಎರಡನೇ ಸಾಲದ ಗತಿಯೂ ಅದೇ. ವರ್ಗೀಕರಣ ನಡೆಯುವುದು ಸಾಲಗಾರನನ್ನು ನೋಡಿ, ಖಾತೆಯನ್ನು ನೋಡಿ ಅಲ್ಲ. ಒಬ್ಬರ ಒಂದು ಸಾಲ ಕೆಟ್ಟರೆ ಅವರ ಉಳಿದ ಸಾಲಗಳೂ ಕೆಟ್ಟಂತೆಯೇ.

ಮುಂದಿನ ಪ್ರಶ್ನೆ ಬಡ್ಡಿಯದು. ಎನ್‌ಪಿಎ ಸಾಲದ ಬಡ್ಡಿಯನ್ನು ಕೈಗೆ ಬಂದಾಗ ಮಾತ್ರ ಆದಾಯವೆಂದು ತೋರಿಸಬೇಕು. ಇಲ್ಲಿ ಹೊಸ ಸಾಲದ 8 ಲಕ್ಷದಲ್ಲಿ 5 ಲಕ್ಷ ಬಡ್ಡಿಗೆ, 3 ಲಕ್ಷ ಅಸಲಿಗೆ ಜಮೆಯಾಗಿದೆ ಎಂದುಕೊಳ್ಳಿ. ಆ 5 ಲಕ್ಷ ವ್ಯಾಪಾರಿಯ ಜೇಬಿನಿಂದ ಬಂದದ್ದಲ್ಲ, ಬ್ಯಾಂಕು ತನ್ನ ದುಡ್ಡನ್ನೇ ತನ್ನ ಆದಾಯವೆಂದು ಬರೆದುಕೊಂಡದ್ದು. ಅದನ್ನು ಆದಾಯದಿಂದ ಕಳೆದರೆ ನಿಜವಾದ ಬಾಕಿ 45 ಲಕ್ಷ.

ಆಮೇಲೆ ಮನೆಯ ಬೆಲೆ. ಕಡತದಲ್ಲಿರುವುದು 2017ರ ಮೌಲ್ಯಮಾಪನ ವರದಿ, 40 ಲಕ್ಷ. ಪರಿಶೋಧಕರು ಹೊಸ ವರದಿ ಕೇಳಿದಾಗ ಬಂದದ್ದು 30 ಲಕ್ಷ. ಮನೆಯ ಒಂದು ಪಾರ್ಶ್ವ ರಸ್ತೆ ಅಗಲೀಕರಣಕ್ಕೆ ಹೋಗಿತ್ತು. ಈಗ ಲೆಕ್ಕ ಹೀಗೆ: ಆಸರೆಯಿರುವ 30 ಲಕ್ಷಕ್ಕೆ ಶೇ. 20ರಂತೆ 6 ಲಕ್ಷ, ಆಸರೆಯಿಲ್ಲದ 15 ಲಕ್ಷಕ್ಕೆ ಪೂರ್ತಿ 15 ಲಕ್ಷ, ಒಟ್ಟು 21 ಲಕ್ಷ. ಹಳೆ ವರದಿಯನ್ನೇ ನಂಬಿದ್ದರೆ 13 ಲಕ್ಷಕ್ಕೆ ಮುಗಿಯುತ್ತಿತ್ತು. ಅಂದರೆ ಒಂದು ಹಳೆ ಕಾಗದದ ಬೆಲೆಯೇ 8 ಲಕ್ಷ.

ಬ್ಯಾಂಕು ಈಗಾಗಲೇ ತೆಗೆದಿಟ್ಟಿರುವ 5 ಲಕ್ಷ ಕಳೆದರೆ ಇನ್ನೂ 16 ಲಕ್ಷ ಬೇಕು. ಬಡ್ಡಿಯ 5 ಲಕ್ಷವೂ ಸೇರಿದರೆ ಒಂದೇ ಸಾಲಗಾರನಿಂದ ಲಾಭಕ್ಕೆ 21 ಲಕ್ಷದ ಹೊಡೆತ. ಬ್ಯಾಂಕು 18 ಲಕ್ಷ ಲಾಭ ತೋರಿಸಿದ್ದರೆ ಈಗ ಅದು 3 ಲಕ್ಷ ನಷ್ಟ. ಆಡಳಿತ ಮಂಡಳಿಗೆ ಇಂಥ ತಿದ್ದುಪಡಿ ಯಾಕೆ ಇರಿಸುಮುರಿಸು ಎಂದು ಇಲ್ಲಿ ತಿಳಿಯುತ್ತದೆ. “ಮುಂದಿನ ತಿಂಗಳು ಕಟ್ಟುತ್ತಾರೆ ಸರ್, ನಮಗೆ ಗೊತ್ತಿರೋ ಪಾರ್ಟಿ” ಎಂಬ ಮಾತು ಪರಿಶೋಧಕರಿಗೆ ಹೊಸದಲ್ಲ. ಆದರೆ ಮಾರ್ಚ್ 31ರ ಸ್ಥಿತಿಯೇ ಲೆಕ್ಕ. ಎನ್‌ಪಿಎ ಆದ ಸಾಲ ಮತ್ತೆ ಉತ್ತಮ ಸಾಲವಾಗಬೇಕಾದರೆ ಬಾಕಿಯಿರುವ ಅಸಲಿನ ಕಂತು, ಬಡ್ಡಿ ಎಲ್ಲವೂ ಪೂರ್ತಿ ತೀರಬೇಕೆಂದು ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಒಂದೆರಡು ಕಂತು ಕಟ್ಟಿಸಿ ದರ್ಜೆ ಏರಿಸುವಂತಿಲ್ಲ.

ಈ ತಪಾಸಣೆಗೂ ಮಿತಿಯಿದೆ. ಪರಿಶೋಧಕರು ಎಲ್ಲ ಖಾತೆಗಳನ್ನೂ ಬಿಡಿಸಿ ನೋಡಲಾಗದು. ದೊಡ್ಡ ಸಾಲಗಳನ್ನೂ ಅನುಮಾನ ಹುಟ್ಟಿಸುವ ಖಾತೆಗಳನ್ನೂ ಆರಿಸಿಕೊಳ್ಳುತ್ತಾರೆ. ಪುಸ್ತಕವೇ ಸುಳ್ಳಾದರೆ ಈ ಜಾಡೂ ಸಿಗುವುದಿಲ್ಲ. 2019ರಲ್ಲಿ ಬಯಲಾದ ಮುಂಬೈನ ಪಿಎಂಸಿ ಬ್ಯಾಂಕ್ ಹಗರಣದಲ್ಲಿ ಒಂದೇ ಉದ್ಯಮ ಸಮೂಹದ ಕೆಟ್ಟ ಸಾಲವನ್ನು 21,000ಕ್ಕೂ ಹೆಚ್ಚು ನಕಲಿ ಖಾತೆಗಳ ಮರೆಯಲ್ಲಿ ಬಚ್ಚಿಟ್ಟಿದ್ದರೆಂಬ ಆರೋಪವಿತ್ತು.

ಪ್ರಾವಿಷನ್ ಮಾಡಿದರೆ ಸಾಲ ಮನ್ನಾ ಆಯಿತೆಂದು ತಿಳಿಯುವವರಿದ್ದಾರೆ. ಹಾಗಲ್ಲ. ವಸೂಲಿ ದಾವೆ ನಡೆಯುತ್ತಲೇ ಇರುತ್ತದೆ. ನಾಳೆ ಮನೆ 30 ಲಕ್ಷಕ್ಕೆ ಹರಾಜಾದರೆ ಆ ಭಾಗಕ್ಕೆಂದು ತೆಗೆದಿಟ್ಟ 6 ಲಕ್ಷ ಲಾಭಕ್ಕೆ ಮರಳುತ್ತದೆ. ಸದಸ್ಯರು ವಾರ್ಷಿಕ ವರದಿ ಕೈಗೆ ಬಂದಾಗ ಡಿವಿಡೆಂಡಿನ ಪುಟಕ್ಕಿಂತ ಮೊದಲು ಲೆಕ್ಕಪರಿಶೋಧಕರ ವರದಿಯನ್ನು ತೆರೆದು, ಪ್ರಾವಿಷನ್ ಕೊರತೆ ಎಂಬ ಮಾತು ಅಲ್ಲಿದೆಯೇ ನೋಡಬೇಕು. ಇದ್ದರೆ, ಯಾವ ಸಾಲಗಳಿಗೆ, ಎಷ್ಟು ಕೊರತೆ, ಅದನ್ನು ಕಳೆದ ಮೇಲೂ ಲಾಭ ಉಳಿಯುತ್ತದೆಯೇ ಎಂದು ಸಭೆಯಲ್ಲಿ ಎದ್ದು ಕೇಳುವ ಹಕ್ಕು ಪ್ರತಿ ಷೇರುದಾರನಿಗೂ ಇದೆ.