ವಿದೇಶದಿಂದ ಬಂದ ಅಣ್ಣನಿಗೆ ದೇಉಸಿಯ ಹಾಡು

ನೇಪಾಳದ ದೀಪಾವಳಿಯ ಹೆಸರು ತಿಹಾರ್. ಐದು ದಿನಗಳ ಈ ಹಬ್ಬದ ಕೊನೆಯ ದಿನ ಭಾಯಿಟೀಕಾ, ಅಕ್ಕತಂಗಿಯರು ಅಣ್ಣತಮ್ಮಂದಿರನ್ನು ಪೂಜಿಸುವ ದಿನ. ಕೊಲ್ಲಿ ದೇಶಗಳಿಗೂ ಮಲೇಷ್ಯಾಕ್ಕೂ ದುಡಿಯಲು ಹೋದವರು ರಜೆ ಸಿಕ್ಕರೆ ಈ ದಿನಕ್ಕೆ ಊರು ಸೇರಲು ನೋಡುತ್ತಾರೆ. ಆ ಸಂತೋಷಕ್ಕೆ ದನಿಯಾಗುವುದು ಮನೆಮನೆಗೂ ಬರುವ ದೇಉಸಿ ಮತ್ತು ಭೈಲೊ ಹಾಡುಗಳು.

ಲಕ್ಷ್ಮೀಪೂಜೆಯ ರಾತ್ರಿ ಹೆಣ್ಣುಮಕ್ಕಳು ಭೈಲೊ ಹಾಡುವುದು, ಮರುದಿನ ಗಂಡುಮಕ್ಕಳು ದೇಉಸಿ ಹಾಡುವುದು ಹಳೆಯ ವಾಡಿಕೆ. ಈಗ ಎಲ್ಲರೂ ಕೂಡಿ ಹಾಡುವುದೂ ಉಂಟು. ದೇಉಸಿಯಲ್ಲಿ ಮುಂದಾಳು ಒಂದು ತುಣುಕು ಹಾಡುತ್ತಾನೆ, ಮಾದಲ್‌ ವಾದ್ಯದ ಪೆಟ್ಟಿಗೆ ಸರಿಯಾಗಿ ಗುಂಪು ‘ದೇಉಸಿರೆ’ ಎನ್ನುತ್ತದೆ. ತುಣುಕು ಚಿಕ್ಕದಾಗಿರಬೇಕು; ಉದ್ದವಾದರೆ ಗುಂಪಿನ ದನಿ ತಾಳ ತಪ್ಪುತ್ತದೆ. ಈ ಚಿಕ್ಕತನದಿಂದಲೇ ಸ್ಥಳದಲ್ಲೇ ಪದ ಕಟ್ಟುವುದು ಸುಲಭ. ಆರು ವರ್ಷದ ಮೇಲೆ ಅಣ್ಣ ಬಂದಿರುವ ಮನೆಯಾದರೆ ಮುಂದಾಳು ಅವನ ಪಯಣವನ್ನೂ ದಾರಿ ಕಾದ ತಂಗಿಯನ್ನೂ ಹಾಡಿಗೆ ತರಬಲ್ಲ. ಮನೆಯವರು ಮೊರದಲ್ಲಿ ಅಕ್ಕಿ, ದೀಪ, ಹಣ, ಸೇಲ್ ರೊಟ್ಟಿ ಇಟ್ಟು ಕೊಡುತ್ತಾರೆ. ಹಾಡು ಹರಕೆಯಲ್ಲಿ ಮುಗಿಯುತ್ತದೆ.

ಭಾಯಿಟೀಕಾದಂದು ತಂಗಿ ಅಣ್ಣನ ಸುತ್ತ ಎಣ್ಣೆಯ ಗೆರೆ ಎಳೆದು, ಹಣೆಗೆ ಏಳು ಬಣ್ಣದ ತಿಲಕವಿಟ್ಟು, ಬೇಗ ಬಾಡದ ಮಖಮಲಿ ಹೂವಿನ ಮಾಲೆ ಹಾಕುತ್ತಾಳೆ. ಅಣ್ಣ ವಿದೇಶದಲ್ಲೇ ಉಳಿದ ವರ್ಷಗಳಲ್ಲಿ ತಂಗಿಗೆ ಈ ಭಾಗ್ಯವಿಲ್ಲ. ದೇಉಸಿ ಮಾತ್ರ ಆ ಅಂಗಳಕ್ಕೂ ಬರುತ್ತದೆ.